ಸಾವಿನ ಮನೆಗೆ ಫೋನೋ, ಭೇಟಿಯೋ, ಮೆಸೇಜೋ, ಪತ್ರವೋ?

ನಮ್ಮ ತಂದೆ ತೀರಿಕೊಂಡಿದ್ದು ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ, ಮೈಸೂರಿನ ಮನೆಯಲ್ಲೇ. ಆರೂವರೆಯಿಂದ ಎಂಟು ಗಂಟೆವರೆಗೆ ನನ್ನ ತಮ್ಮನ ಫೋನು ಒಂದು ನಿಮಿಷವೂ ಸುಮ್ಮನಿರಲಿಲ್ಲ. ಆ ಹೊತ್ತಿನಲ್ಲಿ ಅವನು ಕಾಯುತ್ತಿದ್ದದ್ದು ಮೂರೇ ಕರೆಗಳಿಗೆ: ಸಾವಿನ ಕಾರಣ ಬರೆದುಕೊಡಬೇಕಿದ್ದ ಡಾಕ್ಟರು, ಪುರೋಹಿತರು, ಐಸ್ ಬಾಕ್ಸ್ ತರುತ್ತಿದ್ದ ಗಾಡಿಯ ಡ್ರೈವರು. ಡ್ರೈವರು ನಮ್ಮ ಬೀದಿಯ ತಿರುವಿನಲ್ಲೇ ನಿಂತು ಮನೆ ಯಾವುದೆಂದು ಕೇಳಲು ಏಳು ಸಲ ಫೋನ್ ಮಾಡಿದ್ದರಂತೆ. ಏಳು ಸಲವೂ ಬಿಜಿ. ಕೊನೆಗೆ ಎದುರು ಮನೆಯ ಹುಡುಗ ಹೋಗಿ ಕರೆದುಕೊಂಡು ಬಂದ. ಅಷ್ಟು ಹೊತ್ತು ಆ ಲೈನು ಹಿಡಿದಿದ್ದವರೆಲ್ಲ ನಮ್ಮನ್ನು ನಿಜವಾಗಿ ಪ್ರೀತಿಸುವವರೇ. ಸುದ್ದಿ ಕೇಳಿದ ಕೂಡಲೇ ಕೈ ಫೋನಿಗೆ ಹೋಗಿತ್ತು, ಅಷ್ಟೆ.

ಅಂದಿನಿಂದ ನಾನು ಈ ವಿಷಯವನ್ನು ಬೇರೆ ಥರ ಯೋಚಿಸುತ್ತೇನೆ. ಸಾವಿನ ಸುದ್ದಿ ಬಂದಾಗ ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದು "ನಾನು ಏನು ಮಾಡಿದರೆ ಚೆನ್ನ" ಎಂದು. ಆದರೆ ಮೊದಲು ನೋಡಬೇಕಾದ್ದು ನಾವು ಮಾಡುವುದರಿಂದ ಆ ಮನೆಯವರ ಮೇಲೆ ಏನು ಬೀಳುತ್ತದೆ ಎನ್ನುವುದನ್ನು. ಮೆಸೇಜು ಅವರಿಂದ ಏನನ್ನೂ ಕೇಳುವುದಿಲ್ಲ, ಬಿಡುವಾದಾಗ ಓದಿಕೊಳ್ಳಬಹುದು. ಫೋನಿಗೆ ಅವರು ದನಿ ಕೊಡಬೇಕು, ಅದೂ ಆಗಲೇ. ಭೇಟಿಗೆ ಹೋದರೆ ಮಲಗಿದ್ದವರು ಎದ್ದು ಸೆರಗು ಸರಿಮಾಡಿಕೊಂಡು ಬಂದು ಕೂರಬೇಕು, ಒಳಗೆ ಯಾರಾದರೂ ಕಾಫಿಗೆ ನೀರಿಡಬೇಕು. ಪತ್ರವಾದರೆ ಅವರಿಗೆ ಯಾವಾಗ ಬೇಕೋ ಆವಾಗಿನವರೆಗೆ ಕಾದಿರುತ್ತದೆ. ನಾಲ್ಕರಲ್ಲಿ ಯಾವುದೂ ದೊಡ್ಡದಲ್ಲ, ಯಾವುದೂ ಚಿಕ್ಕದಲ್ಲ. ಒಂದೊಂದಕ್ಕೂ ಒಂದೊಂದು ಹೊತ್ತಿದೆ.

ಆ ಹೊತ್ತು ತಿಳಿಯಬೇಕಾದರೆ ಆ ಮನೆಯ ದಿನಗಳ ಲೆಕ್ಕ ಗೊತ್ತಿರಬೇಕು. ನಾನು ಇಲ್ಲಿ ಮುಖ್ಯವಾಗಿ ಹೇಳುವುದು ನನಗೆ ಹತ್ತಿರದಿಂದ ಗೊತ್ತಿರುವ ಹಳೇ ಮೈಸೂರು ಕಡೆಯ ಮನೆಗಳ ಮಾತು. ನಮ್ಮಂಥ ಬ್ರಾಹ್ಮಣರ ಮನೆಗಳಲ್ಲಿ ಹತ್ತು ದಿನ ಸೂತಕ, ಹನ್ನೊಂದು ಮತ್ತು ಹನ್ನೆರಡನೇ ದಿನ ದೊಡ್ಡ ಕರ್ಮಗಳು, ಹದಿಮೂರಕ್ಕೆ ವೈಕುಂಠ ಸಮಾರಾಧನೆ. ಮಂಡ್ಯ, ಹಾಸನದ ಕಡೆಯ ಅನೇಕ ಮನೆಗಳಲ್ಲಿ ಮೂರನೇ ದಿನ ಅಥವಾ ಐದನೇ ದಿನ ಹಾಲು-ತುಪ್ಪ, ಹನ್ನೊಂದಕ್ಕೆ ತಿಥಿ. ಕರಾವಳಿಯಲ್ಲಿ ಬೊಜ್ಜ ಅಥವಾ ಉತ್ತರಕ್ರಿಯೆ ಎನ್ನುತ್ತಾರೆ, ಅದು ಹದಿನಾರನೇ ದಿನದವರೆಗೂ ಹೋಗುವುದುಂಟು. ಲಿಂಗಾಯತ ಸಂಪ್ರದಾಯದಲ್ಲಿ ಸೂತಕವನ್ನೇ ಒಪ್ಪುವುದಿಲ್ಲ, ಆದರೂ ಶಿವಗಣಾರಾಧನೆಯವರೆಗೆ ಮನೆಗೆ ಜನ ಬರುತ್ತಲೇ ಇರುತ್ತಾರೆ. ದಿನದ ಸಂಖ್ಯೆ ಬೇರೆಯಾದರೂ ಆಕಾರ ಒಂದೇ: ಮೊದಲ ದಿನದ ನೂಕುನುಗ್ಗಲು, ನಡುವೆ ಕರ್ಮದ ದಿನಗಳು, ಕೊನೆಗೆ ಒಂದು ಊಟ, ಅದಾದ ಮೇಲೆ ಇದ್ದಕ್ಕಿದ್ದ ಹಾಗೆ ಬರಿದಾದ ಮನೆ.

ಮೊದಲ ದಿನ ಫೋನ್ ಮಾಡುವ ಹಕ್ಕು ಕೆಲಸ ಇರುವವರಿಗೆ ಮಾತ್ರ ಎಂದು ನಾನು ತೀರ್ಮಾನ ಮಾಡಿಕೊಂಡಿದ್ದೇನೆ. ಒಡಹುಟ್ಟಿದವರು, ಜೀವದ ಗೆಳೆಯರು, "ನಾನು ಕಾರು ತಗೊಂಡು ಹತ್ತು ನಿಮಿಷದಲ್ಲಿ ಬರ್ತೀನಿ" ಎನ್ನುವಷ್ಟು ಹತ್ತಿರದಲ್ಲಿರುವವರು ಮಾಡಲಿ. ಉಳಿದವರಿಗೆ ಆ ದಿನ ಗೊತ್ತಾಗಬೇಕಾದ್ದು ಎರಡೇ: ಎಷ್ಟು ಹೊತ್ತಿಗೆ ತೆಗೆಯುತ್ತಾರೆ, ಎಲ್ಲಿಗೆ ಒಯ್ಯುತ್ತಾರೆ. ಇದನ್ನು ಮಗನನ್ನೋ ಮಗಳನ್ನೋ ಕೇಳಬೇಡಿ. ಎರಡನೇ ಸುತ್ತಿನವರನ್ನು ಹುಡುಕಿ: ಅಳಿಯ, ಚಿಕ್ಕಪ್ಪನ ಮಗ, ಪಕ್ಕದ ಮನೆಯವರು, ಆಫೀಸಿನ ಒಬ್ಬ ಸ್ನೇಹಿತ. ಪ್ರತಿ ಸಾವಿನ ಮನೆಯಲ್ಲೂ ಅಂಗಳದಲ್ಲಿ ಫೋನ್ ಹಿಡಿದು ಓಡಾಡುವ ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಫೋನ್ ಮಾಡಿದರೆ ಯಾರಿಗೂ ತೊಂದರೆಯಿಲ್ಲ.

ಮೆಸೇಜನ್ನು ಮಾತ್ರ ಸುದ್ದಿ ತಿಳಿದ ದಿನವೇ ಕಳಿಸಬಹುದು. ಕಳಿಸುವ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಿ, ಮನೆಯವರೇ ಸುದ್ದಿ ಹೇಳಲು ಶುರುಮಾಡಿದ್ದಾರೆಯೇ ಎಂದು. ನಮ್ಮ ಕಡೆ ಎಲ್ಲರಿಗೂ ಒಟ್ಟಿಗೆ ಹೇಳುವ ಪದ್ಧತಿ ಇಲ್ಲ. ಪರೀಕ್ಷೆ ಬರೆಯುತ್ತಿರುವ ಮೊಮ್ಮಗಳಿಗೆ ಮಧ್ಯಾಹ್ನದ ಮೇಲೆ ಹೇಳೋಣ ಎಂದುಕೊಂಡಿರುತ್ತಾರೆ, ಊರಿನಲ್ಲಿರುವ ತೊಂಬತ್ತರ ಅಜ್ಜಿಗೆ ಯಾರಾದರೂ ಹೋಗಿ ಪಕ್ಕದಲ್ಲಿ ಕೂತು ಹೇಳಲಿ ಎಂದುಕೊಂಡಿರುತ್ತಾರೆ, ವಿಮಾನದಲ್ಲಿರುವ ಮಗನಿಗೆ "ಸೀರಿಯಸ್" ಎಂದಷ್ಟೇ ಹೇಳಿರುತ್ತಾರೆ. ಅಷ್ಟರಲ್ಲಿ ಯಾರೋ ಹಾರ ಹಾಕಿದ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿಬಿಟ್ಟರೆ, ಆ ಮಗ ಇಳಿದು ಫೋನ್ ಆನ್ ಮಾಡಿದ ಕ್ಷಣ ಬ್ಯಾಗಿಗೆ ಕಾಯುತ್ತಾ ನಿಂತಲ್ಲೇ ಅಪ್ಪನ ಸಾವನ್ನು ಓದುತ್ತಾನೆ. ಇದನ್ನು ಆಮೇಲೆ ಯಾರಿಂದಲೂ ಸರಿಮಾಡಲಾಗದು. ಮನೆಯವರೇ ಹಾಕುವವರೆಗೆ ಗ್ರೂಪಿಗೂ ಬೇಡ, ಸ್ಟೇಟಸ್ಸಿಗೂ ಬೇಡ.

ಗ್ರೂಪಿನ ವಿಚಾರವನ್ನೂ ಇಲ್ಲೇ ಹೇಳುತ್ತೇನೆ. ಅಪಾರ್ಟ್‌ಮೆಂಟಿನ ಗ್ರೂಪಿನಲ್ಲೋ ಹಳೇ ವಿದ್ಯಾರ್ಥಿಗಳ ಗ್ರೂಪಿನಲ್ಲೋ ಸುದ್ದಿ ಬಂದಾಗ ಒಬ್ಬರು "ಓಂ ಶಾಂತಿ" ಹಾಕುತ್ತಾರೆ, ಕೆಳಗೆ ಅದೇ ನಲವತ್ತು ಸಲ ಬರುತ್ತದೆ. ಅದು ತಪ್ಪೇನಲ್ಲ, ಆದರೆ ಅದು ಗ್ರೂಪಿಗೆ ಹೇಳಿದ್ದು, ಮಗಳಿಗೆ ಹೇಳಿದ ಹಾಗೆ ಆಗಲಿಲ್ಲ. ನಿಮಗೆ ಅವರ ಹೆಸರು, ಮನೆ, ಮುಖ ಗೊತ್ತಿದ್ದರೆ ಅವರೊಬ್ಬರಿಗೇ ಬೇರೆ ಬರೆಯಿರಿ. ನೀವು ತೀರಿಹೋದವರನ್ನು ಕಂಡಿದ್ದರೆ, ಕಂಡದ್ದೊಂದನ್ನು ಬರೆಯಿರಿ. ನಮ್ಮ ತಂದೆ ಹೋದಾಗ ಬಂದ ನೂರಾರು ಮೆಸೇಜುಗಳಲ್ಲಿ ಅಮ್ಮ ನನ್ನ ಕೈಯಲ್ಲಿ ಎರಡು ಸಲ ಓದಿಸಿಕೊಂಡದ್ದು ಒಂದೇ ಒಂದು. ತಂದೆಯ ಹಳೇ ವಿದ್ಯಾರ್ಥಿಯೊಬ್ಬರದ್ದು. ಹೀಗಿತ್ತು:

"ಮೇಷ್ಟ್ರು ಹೋದರು ಅಂತ ಈಗ ತಿಳೀತು. ಎಂಟನೇ ಕ್ಲಾಸಲ್ಲಿ ನನ್ನ ಫೀಸು ಅವರೇ ಕಟ್ಟಿ, ಆಫೀಸಿಂದ ವಾಪಸ್ ಬಂತು ಅಂತ ಸುಳ್ಳು ಹೇಳಿದ್ರು. ನಿಜ ಗೊತ್ತಾಗಿದ್ದು ನನಗೆ ಕೆಲಸ ಸಿಕ್ಕ ಮೇಲೆ. ಅಮ್ಮನವರಿಗೆ ಇದನ್ನ ಹೇಳಿ. ಉತ್ತರ ಬರೀಬೇಡಿ, ಭಾನುವಾರ ಮನೆಗೆ ಬರ್ತೀನಿ."

ಈ ಮೆಸೇಜಿನ ಕೊನೆಯ ಸಾಲು ನೋಡಿ. "ಉತ್ತರ ಬರೀಬೇಡಿ" ಎಂದದ್ದರಿಂದ ನನ್ನ ಮೇಲಿದ್ದ ಒಂದು ಭಾರ ಇಳಿಯಿತು. ಬರುವ ದಿನ ಹೇಳಿದ್ದರಿಂದ "ಏನಾದ್ರೂ ಬೇಕಿದ್ರೆ ಹೇಳಿ" ಎನ್ನುವ ಮಾತಿನ ತೊಡಕೂ ಇರಲಿಲ್ಲ. ಆ ಮಾತು ಎಲ್ಲರೂ ಮನಸಾರೆ ಆಡುವಂಥದ್ದೇ, ಆದರೆ ಏನು ಬೇಕೆಂದು ಯೋಚಿಸಿ ಕೇಳುವ ಕೆಲಸ ಮತ್ತೆ ದುಃಖದಲ್ಲಿರುವವರ ತಲೆಗೇ ಬರುತ್ತದೆ. ಸಾಧ್ಯವಾದರೆ ಒಂದು ಕೆಲಸವನ್ನು ಹೆಸರಿಸಿ ಬರೆಯಿರಿ: "ನಾಳೆ ಬೆಳಿಗ್ಗೆ ಆರಕ್ಕೆ ಐದು ಲೀಟರ್ ಹಾಲು ಗೇಟಿನ ಹತ್ತಿರ ಇಟ್ಟು ಹೋಗ್ತೀನಿ." ಬೇಡವಾದರೆ ಅವರು ಬೇಡ ಎನ್ನುತ್ತಾರೆ, ಅಷ್ಟೆ. ಇನ್ನೊಂದು ಮಾತು, ಮುಸ್ಲಿಂ ಅಥವಾ ಕ್ರೈಸ್ತ ಸ್ನೇಹಿತರಿಗೆ ಅಭ್ಯಾಸಬಲದಿಂದ "ಓಂ ಶಾಂತಿ" ಕಳಿಸಬೇಡಿ. "ನಿಮ್ಮ ತಂದೆಯವರ ಸುದ್ದಿ ಕೇಳಿ ತುಂಬ ಸಂಕಟವಾಯಿತು" ಎನ್ನುವ ಸಾದಾ ಕನ್ನಡ ಯಾವ ಮನೆಗಾದರೂ ಹೊಂದುತ್ತದೆ.

ಇನ್ನು ಭೇಟಿ. ನಾವು ಒಂದೇ ಪದ ಬಳಸಿದರೂ ಸಾವಿನ ಮನೆಗೆ ಹೋಗುವುದರಲ್ಲಿ ಮೂರು ಬಗೆ ಇದೆ, ಮೂರಕ್ಕೂ ಬೇರೆ ಬೇರೆ ನಡವಳಿಕೆ. ಮೊದಲನೆಯದು ಮುಖ ನೋಡಲು ಹೋಗುವುದು. ಹಾರ ತೆಗೆದುಕೊಂಡು ಹೋಗುವುದು ಆಗ ಮಾತ್ರ. ಇಲ್ಲಿ ಮಾತಿಗೆ ಜಾಗವಿಲ್ಲ. ಹೋಗಿ, ಕೈಮುಗಿದು, ಮನೆಯವರ ಕಣ್ಣಿಗೆ ಬಿದ್ದು, ಪಕ್ಕಕ್ಕೆ ಸರಿದು ನಿಂತರೆ ಸಾಕು. ಸುದ್ದಿ ಕೇಳಿದ ಹತ್ತಿರದವರು ಕರೆಯಲಿ ಎಂದು ಕಾಯುವಂತಿಲ್ಲ, ಮದುವೆಗಾದರೆ ಕರೆಯಬೇಕು, ಇದಕ್ಕೆ ಯಾರೂ ಕರೆಯುವುದಿಲ್ಲ. ಮೂರನೆಯದು ವೈಕುಂಠ ಸಮಾರಾಧನೆಯ ಅಥವಾ ತಿಥಿಯ ಊಟ. ಅದಕ್ಕೆ ಮನೆಯವರು ಹೇಳಿಕಳಿಸುತ್ತಾರೆ, ಹೇಳಿದರೆ ಹೋಗಿ ಊಟ ಮಾಡಿ ಬರಬೇಕು. ಅಲ್ಲಿ ನೂರಾರು ಜನ, ಬಾಳೆಲೆ, ಬಡಿಸುವವರ ಅವಸರ. ಅಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಆಗುವುದೇ ಇಲ್ಲ, ಹಾಗಾಗಿ ಊಟಕ್ಕೆ ಹೋಗಿ ಬಂದದ್ದನ್ನೇ ಮಾತಾಡಿಸಿದ ಲೆಕ್ಕಕ್ಕೆ ಹಿಡಿಯಬೇಡಿ.

ನಡುವಿನದು, "ಮಾತಾಡಿಸಿಕೊಂಡು ಬರೋದು". ನಿಜವಾದ ಭೇಟಿ ಅದೇ, ಎಡವುವುದು ಹೆಚ್ಚು ಅಲ್ಲೇ. ಸಂಸ್ಕಾರವಾದ ಮರುದಿನವೇ ಹೋದರೆ ಮನೆಯವರಿಗೆ ನಿದ್ದೆಯೂ ಆಗಿರುವುದಿಲ್ಲ, ಅಸ್ಥಿ ಸಂಚಯನದ ಓಡಾಟ ಬೇರೆ. ನಮ್ಮ ಕಡೆಯವರು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋದರೆ ಅರ್ಧ ದಿನ ಅಲ್ಲೇ ಕಳೆಯುತ್ತದೆ. ನಾಲ್ಕನೇ ದಿನದಿಂದ ಒಂಬತ್ತನೇ ದಿನದವರೆಗೆ ಸರಿಯಾದ ಹೊತ್ತು. ಹತ್ತು, ಹನ್ನೊಂದು, ಹನ್ನೆರಡನೇ ದಿನಗಳಲ್ಲಿ ಕರ್ಮ ಭಾರವಾಗಿರುತ್ತದೆ, ಬಿಟ್ಟುಬಿಡಿ. ದಿನದಲ್ಲಿ ಸಂಜೆ ನಾಲ್ಕರಿಂದ ಆರು ಒಳ್ಳೆಯದು. ಕರ್ಮ ಹಿಡಿದ ಮಗ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒದ್ದೆ ಪಂಚೆಯಲ್ಲಿ ಕೂತಿರುತ್ತಾನೆ, ಅವನದ್ದು ಒಂದೇ ಹೊತ್ತಿನ ಊಟ. ಊಟ ಮುಗಿಸಿ ಸ್ವಲ್ಪ ಒರಗಿದ ಮೇಲೆ ಹೋದರೆ ಅವನೂ ಮನುಷ್ಯನ ಹಾಗೆ ಕೂತು ಮಾತಾಡುತ್ತಾನೆ. ಮಂಗಳವಾರ, ಶುಕ್ರವಾರ, ಅಮಾವಾಸ್ಯೆಯ ದಿನ ಮಾತಾಡಿಸಲು ಬರಬಾರದು ಎನ್ನುವ ಮನೆಗಳು ಬಹಳ ಇವೆ. ನಿಮಗೆ ನಂಬಿಕೆ ಇಲ್ಲದಿದ್ದರೂ ಆ ಮನೆಯ ಹಿರಿಯರಿಗೆ ಇರಬಹುದು, ಅಂಗಳದಲ್ಲಿ ಫೋನ್ ಹಿಡಿದಿದ್ದರಲ್ಲ, ಅವರನ್ನೇ ಒಂದು ಮಾತು ಕೇಳಿಕೊಳ್ಳಿ. ನಿಮ್ಮ ಮನೆಯಲ್ಲಿ ಮದುವೆಯೋ ಮುಂಜಿಯೋ ಗೊತ್ತಾಗಿದ್ದು ನೀವೇ ಹೋಗುವಂತಿಲ್ಲ ಎನ್ನುವುದಾದರೆ ಅದನ್ನು ಮುಚ್ಚಿಡದೆ ಫೋನಿನಲ್ಲಿ ಹೇಳಿಬಿಡಿ. ನಮ್ಮ ಜನಕ್ಕೆ ಅದು ಅರ್ಥವಾಗುತ್ತದೆ, ಕಾರಣ ಹೇಳದೆ ಬಾರದಿದ್ದರೆ ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ.

ಒಳಗೆ ಹೋದ ಮೇಲೆ ಏನಾಗುತ್ತದೆ ಎನ್ನುವುದನ್ನು ನಮ್ಮ ಮನೆಯಲ್ಲೇ ನೋಡಿದೆ. ಅಮ್ಮ ನಡುಮನೆಯ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಯಾರೋ ಇಟ್ಟ ಕಾಫಿಯ ಲೋಟ, ಮೇಲೆ ಕೆನೆ ಕಟ್ಟಿತ್ತು. ಬಂದವರು ಕೂತು, ಒಂದು ನಿಮಿಷ ಸುಮ್ಮನಿದ್ದು, ಕೇಳುತ್ತಿದ್ದ ಮೊದಲ ಮಾತು "ಏನಾಗಿತ್ತು?" ಅಮ್ಮ ಶುರುವಿನಿಂದ ಹೇಳುತ್ತಿದ್ದಳು: ರಾತ್ರಿ ಅನ್ನ ಸಾರು ಉಂಡರು, ಎರಡು ಗಂಟೆಗೆ ನೀರು ಕೇಳಿದರು, ನಾಲ್ಕೂವರೆಗೆ ಎದೆ ಹಿಡಿದುಕೊಂಡರು. ಅದು ಮುಗಿಯುವಷ್ಟರಲ್ಲಿ ಇನ್ನೊಬ್ಬರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು, ಮತ್ತೆ ರಾತ್ರಿ ಅನ್ನ ಸಾರಿನಿಂದ. ಆರನೇ ದಿನದ ಹೊತ್ತಿಗೆ ಅವಳ ಗಂಟಲು ಕಟ್ಟಿಹೋಗಿತ್ತು. ಸೋದರತ್ತೆ ನೋಡಿ ನೋಡಿ ಕೊನೆಗೆ ಅಮ್ಮನ ಪಕ್ಕದಲ್ಲೇ ಬಂದು ಕೂತರು. ಯಾರು ಕೇಳಿದರೂ "ನಾನು ಹೇಳ್ತೀನಿ" ಎಂದು ನಾಲ್ಕೇ ಮಾತಲ್ಲಿ ಮುಗಿಸುತ್ತಿದ್ದರು.

ಹಾಗಾದರೆ ಏನಾಗಿತ್ತು ಎಂದು ಕೇಳಲೇಬಾರದೇ? ಕೆಲವರಿಗೆ ಹೇಳಿ ಹೇಳಿಯೇ ಹಗುರಾಗಬೇಕಿರುತ್ತದೆ, ಅದೂ ನಿಜ. ಗೊತ್ತುಮಾಡಿಕೊಳ್ಳುವ ದಾರಿ ಒಂದಿದೆ. ಕೇಳುವ ಬದಲು ತೀರಿಹೋದವರ ಬಗ್ಗೆ ನೀವೇ ಒಂದು ಸಂಗತಿ ಹೇಳಿ ಸುಮ್ಮನಾಗಿ. ಅವರಿಗೆ ಕೊನೆಯ ರಾತ್ರಿಯ ಮಾತು ಬೇಕಿದ್ದರೆ ತಾವಾಗಿ ಅಲ್ಲಿಗೆ ಬರುತ್ತಾರೆ, ಆಗ ಕೇಳಿಸಿಕೊಳ್ಳಿ. ಬೇಡವಾಗಿದ್ದರೆ ನೀವು ಹೇಳಿದ ಸಂಗತಿಗೇ ಇನ್ನೊಂದನ್ನು ಸೇರಿಸುತ್ತಾರೆ. "ಯಾವ ಆಸ್ಪತ್ರೆಗೆ ತೋರಿಸಿದ್ರಿ, ಅಲ್ಲಿಗೆ ಯಾಕೆ ಹೋದ್ರಿ, ಮೊದಲೇ ಕರ್ಕೊಂಡು ಹೋಗಬಹುದಿತ್ತು" ಎನ್ನುವ ದಾರಿಗೆ ಮಾತ್ರ ಯಾವ ಕಾರಣಕ್ಕೂ ಇಳಿಯಬೇಡಿ. ಆ ಪ್ರಶ್ನೆಯನ್ನು ಅವರು ರಾತ್ರಿಯೆಲ್ಲ ತಮ್ಮನ್ನು ತಾವೇ ಕೇಳಿಕೊಂಡಿರುತ್ತಾರೆ.

ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ಇನ್ನೊಬ್ಬರು ಬಂದರೆ ಅದೇ ನೀವು ಏಳುವ ಹೊತ್ತು. ಕಾಫಿ ಕೊಟ್ಟರೆ ಕುಡಿಯಬೇಕೋ ಬಾರದೋ ಎನ್ನುವುದರಲ್ಲಿ ಒಂದೊಂದು ಮನೆಯದ್ದು ಒಂದೊಂದು ರೀತಿ. ಸೂತಕ ಪಾಲಿಸುವ ಮನೆಯಲ್ಲಿ ಅವರೇ ಕೊಡುವುದಿಲ್ಲ, ಕೊಡುವ ಮನೆಯಲ್ಲಿ ಬೇಡವೆಂದರೆ ನೊಂದುಕೊಳ್ಳುತ್ತಾರೆ. ಹೊರಡುವಾಗ ಬಾಯಿತಪ್ಪಿ "ಹೋಗಿ ಬರ್ತೀನಿ" ಎನ್ನುವುದು ನಮ್ಮೆಲ್ಲರ ಅಭ್ಯಾಸ. ಸಾವಿನ ಮನೆಯಲ್ಲಿ ಆ ಮಾತು ಆಡುವುದಿಲ್ಲ, ಅವರೂ "ಬನ್ನಿ" ಎನ್ನುವುದಿಲ್ಲ. ಎದ್ದು, ಕೈ ಮುಟ್ಟಿಯೋ ತಲೆ ಅಲ್ಲಾಡಿಸಿಯೋ ಹೊರಟುಬಿಡುವುದು.

ಮುಸ್ಲಿಂ ಮನೆಗಾದರೆ ಲೆಕ್ಕ ಬೇರೆ, ತಡ ಮಾಡುವಂತಿಲ್ಲ. ಅಲ್ಲಿ ದಫನ್ ಸಾಮಾನ್ಯವಾಗಿ ಅದೇ ದಿನ ಆಗಿಬಿಡುತ್ತದೆ, ಮಾತಾಡಿಸುವುದು ಮೊದಲ ಮೂರು ದಿನಗಳಲ್ಲೇ. ಗಂಡ ತೀರಿಕೊಂಡ ಹೆಣ್ಣುಮಗಳು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಎನ್ನುವ ಶೋಕದ ಅವಧಿಯಲ್ಲಿರುತ್ತಾರೆ. ಗಂಡಸರು ಮಗನನ್ನೋ ಅಣ್ಣನನ್ನೋ ಮಾತಾಡಿಸಿ ಬರುವುದು ರೂಢಿ, ಆಕೆಯ ಗೆಳತಿಯರು ಒಳಗೆ ಹೋಗಿ ಕೂರಬಹುದು.

ಫೋನಿಗೆ ಬರೋಣ. ಹೋಗಲು ಆಗದವರಿಗೆ ಫೋನೇ ಭೇಟಿ, ಹಾಗಾಗಿ ಅದರ ಹೊತ್ತೂ ಅದೇ: ನಾಲ್ಕನೇ ದಿನದ ಮೇಲೆ, ಸಂಜೆ. ರಾತ್ರಿ ಒಂಬತ್ತರ ಮೇಲೆ ಮಾಡಬೇಡಿ. ಸಾವು ಕಂಡ ಮನೆಯಲ್ಲಿ ರಾತ್ರಿ ಫೋನ್ ಬಡಿದರೆ ಎಲ್ಲರ ಎದೆ ಧಸಕ್ ಎನ್ನುತ್ತದೆ, ನಮ್ಮನೆಯಲ್ಲಿ ತಿಂಗಳುಗಟ್ಟಲೆ ಹಾಗಿತ್ತು. ಎತ್ತಿದ ಕೂಡಲೇ "ಈಗ ಮಾತಾಡೋಕೆ ಆಗುತ್ತಾ? ಇಲ್ಲಾಂದ್ರೆ ಇಟ್ಟುಬಿಡಿ, ಬೇಜಾರಿಲ್ಲ" ಎಂದು ಹೇಳಿ. ಎತ್ತದಿದ್ದರೆ ಇನ್ನೊಮ್ಮೆ ಮಾಡದೆ ಒಂದು ಸಾಲು ಮೆಸೇಜು ಹಾಕಿ ಬಿಡಿ. ನೀವೇ ಅಳುವಂತಿದ್ದರೆ ಸ್ವಲ್ಪ ತಡೆದು ಮಾಡಿ. ಫೋನಿನಲ್ಲಿ ನೀವು ಬಿಕ್ಕಿದರೆ ಆ ಕಡೆಯವರೇ ನಿಮಗೆ ಸಮಾಧಾನ ಹೇಳಬೇಕಾಗುತ್ತದೆ. ನಮ್ಮ ಅಮ್ಮ ಇಬ್ಬರು ಮೂವರಿಗೆ ಹಾಗೆ ಸಮಾಧಾನ ಹೇಳಿದ್ದನ್ನು ನಾನು ಪಕ್ಕದಲ್ಲೇ ಕೂತು ಕೇಳಿದೆ.

ವಿಡಿಯೋ ಕಾಲ್ ಬೇಡ. ದೂರ ದೇಶದ ಮಗನೋ ಮಗಳೋ ಮಾಡಿದರೆ ಅದು ಬೇರೆ ಮಾತು, ಉಳಿದವರು ಕೆದರಿದ ತಲೆ, ಬೋಳಾದ ಹಣೆ ಇರುವವರ ಮುಖದೆದುರು ಕ್ಯಾಮೆರಾ ತರುವುದು ಕ್ರೌರ್ಯವಾಗುತ್ತದೆ. ಹೊರದೇಶದಲ್ಲಿರುವ ಸ್ನೇಹಿತರಿಗೆ ಗಡಿಯಾರದ ತೊಡಕೂ ಇದೆ. ಇಲ್ಲಿ ಸಂಜೆ ಐದು ಎಂದರೆ ಬೇಸಿಗೆಯಲ್ಲಿ ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ ಏಳೂವರೆ, ಅವರಿಗೆ ಅನುಕೂಲವೇ. ಕ್ಯಾಲಿಫೋರ್ನಿಯಾದಲ್ಲಿ ಆಗ ನಸುಕಿನ ನಾಲ್ಕೂವರೆ. ಅಲ್ಲಿನವರು ಸಾಮಾನ್ಯವಾಗಿ ತಮ್ಮ ರಾತ್ರಿ ಒಂಬತ್ತಕ್ಕೆ, ಅಂದರೆ ಇಲ್ಲಿನ ಬೆಳಿಗ್ಗೆ ಒಂಬತ್ತೂವರೆಗೆ ಫೋನ್ ಮಾಡುತ್ತಾರೆ, ಸರಿಯಾಗಿ ಕರ್ಮ ನಡೆಯುವ ಹೊತ್ತಿಗೆ. ಒಂದು ದಿನ ಬೇಗ ಎದ್ದು ಐದೂವರೆಗೆ ಮಾಡಿದರೆ ಇಲ್ಲಿ ಸಂಜೆ ಆರು.

ಹೋದ ವರ್ಷ ನನ್ನ ಗೆಳತಿಯ ತಂದೆ ತೀರಿಕೊಂಡಾಗ ಇದನ್ನೆಲ್ಲ ಒಂದು ಸಲ ನಡೆಸಿ ನೋಡುವ ಹಾಗಾಯಿತು. ಅವರ ಮನೆ ಮಂಡ್ಯದ ಹತ್ತಿರದ ಹಳ್ಳಿ, ನಾನಿರುವುದು ಬೆಂಗಳೂರು. ಬುಧವಾರ ಬೆಳಿಗ್ಗೆ ಸುದ್ದಿ ಬಂತು, ಮಣ್ಣು ಮಧ್ಯಾಹ್ನ ಮೂರಕ್ಕೆ. ಅವಳಿಗೆ ಫೋನ್ ಮಾಡಲು ತಡೆಯಲಾರದಷ್ಟು ಆಸೆಯಾಯಿತು, ಆದರೆ ಅವಳು ಕಾರಿನಲ್ಲಿ ಊರಿಗೆ ಹೋಗುತ್ತಿರುತ್ತಾಳೆ, ಪಕ್ಕದಲ್ಲಿ ಮಗು. "ಸುದ್ದಿ ತಿಳೀತು. ಹೊರಟಿದ್ದೀನಿ. ಉತ್ತರ ಬೇಡ" ಎಂದಷ್ಟೇ ಬರೆದೆ. ದಾರಿ, ಹೊತ್ತು ಕೇಳಿದ್ದು ಅವಳ ಭಾವನನ್ನು. ಎರಡು ಗಂಟೆಗೆ ತಲುಪಿದೆ, ಅವಳು ನನ್ನನ್ನು ನೋಡಿ ಒಮ್ಮೆ ಹಿಡಿದುಕೊಂಡಳು, ನಾಲ್ಕೂವರೆಗೆ ವಾಪಸ್ ಹೊರಟೆ. ಶುಕ್ರವಾರ ಹಾಲು-ತುಪ್ಪ, ಅದು ಅವರ ನೆಂಟರಿಷ್ಟರದ್ದು, ನಾನು ಹೋಗಲಿಲ್ಲ. ಸೋಮವಾರ ಸಂಜೆ ಫೋನ್ ಮಾಡಿದೆ, ನಲವತ್ತು ನಿಮಿಷ ಅವಳೇ ಮಾತಾಡಿದಳು. ನಾನು ಮಣ್ಣಿಗೆ ಹೋಗಿದ್ದರಿಂದ ಮಾತಾಡಿಸಲು ಮತ್ತೊಮ್ಮೆ ಹೋಗುವ ಬದಲು ಈ ಫೋನೇ ಸಾಕಾಯಿತು. ತಿಥಿಯ ಊಟಕ್ಕೆ ನಮ್ಮ ಆಫೀಸಿನ ಐವರು ಒಂದೇ ಕಾರಿನಲ್ಲಿ ಹೋಗಿಬಂದೆವು.

ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡದ್ದು ಅದರ ಮುಂದಿನ ವಾರಕ್ಕೆ. ಊಟ ಮುಗಿದ ಮಾರನೇ ದಿನ ಷಾಮಿಯಾನ ಬಿಚ್ಚುತ್ತಾರೆ, ನೆಂಟರು ಬಸ್ಸು ಹತ್ತುತ್ತಾರೆ, ಮಕ್ಕಳಿಗೆ ರಜ ಮುಗಿದಿರುತ್ತದೆ. ಅಲ್ಲಿಯವರೆಗೆ ದಿನಕ್ಕೆ ನಲವತ್ತು ಜನ ಬರುತ್ತಿದ್ದ ಮನೆಗೆ ಆಮೇಲೆ ಹಾಲಿನವನು ಬಿಟ್ಟು ಯಾರೂ ಬರುವುದಿಲ್ಲ. ಹದಿನೆಂಟನೇ ದಿನ ಗೆಳತಿಗೆ ಫೋನ್ ಮಾಡಿ "ಮರಣ ಪ್ರಮಾಣಪತ್ರ ಆಯ್ತಾ?" ಎಂದು ಕೇಳಿದೆ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು, ಆಮೇಲಾದರೆ ತಡದ ಶುಲ್ಕ, ಓಡಾಟ. ಅವರು ಮರೆತೇಬಿಟ್ಟಿದ್ದರು. ಬ್ಯಾಂಕಿಗೆ, ಪಿಂಚಣಿಗೆ, ವಿಮೆಗೆ ಬೇರೆ ಬೇರೆ ಬೇಕಾಗುವುದರಿಂದ ಒಂದೇ ಸಲ ಹೆಚ್ಚು ಪ್ರತಿ ತೆಗೆದುಕೊಳ್ಳಲು ಹೇಳಿದೆ. ಆ ಮಾತಿನ ನೆಪದಲ್ಲಿ ಅವಳ ಅಮ್ಮನ ಹತ್ತಿರವೂ ಮಾತಾಡಿದೆ. ಅವರು "ಇವತ್ತು ಒಬ್ಬಳೇ ಅಡುಗೆ ಮಾಡ್ಕೊಂಡೆ ಕಣವ್ವ, ಅರ್ಧ ಪಾವು ಅಕ್ಕಿ ಹಾಕೋಕೆ ಕೈಯೇ ಬರಲಿಲ್ಲ" ಎಂದರು. ಈ ಮಾತನ್ನು ಅವರು ಮೊದಲ ಹನ್ನೊಂದು ದಿನಗಳಲ್ಲಿ ಯಾರಿಗೂ ಹೇಳಲು ಸಾಧ್ಯವಿರಲಿಲ್ಲ. ಆಗ ದೊಡ್ಡ ಹಂಡೆಯಲ್ಲಿ ಅನ್ನ ಬೇಯುತ್ತಿತ್ತು.

ಪತ್ರದ ಹೊತ್ತೂ ಇದೇ. ಅಂಗಡಿಯಲ್ಲಿ ಸಂತಾಪದ ಕಾರ್ಡು ಕೊಂಡು ಕಳಿಸುವ ರೂಢಿ ನಮ್ಮಲ್ಲಿ ಬೆಳೆದಿಲ್ಲ. ನಮ್ಮಲ್ಲಿ ಅಚ್ಚಾದ ಕಾರ್ಡು ಬರುವುದೇ ಸಾವಿನ ಮನೆಯಿಂದ, ಉತ್ತರಕ್ರಿಯೆಗೆ ಬನ್ನಿ ಎಂದು. ಹಿಂದೆ ಸಾವಿನ ಸುದ್ದಿ ಹೊತ್ತ ಕಾಗದವನ್ನು ಓದಿದ ಕೂಡಲೇ ಹರಿದು ಹಾಕುವ ಮನೆಗಳಿದ್ದವು. ಹಾಗಾಗಿ ಬಿಳಿ ಹೂವಿನ ಚಿತ್ರವಿರುವ ಇಂಗ್ಲಿಷ್ ಕಾರ್ಡನ್ನು ಹಳ್ಳಿಯ ಮನೆಗೆ ಕಳಿಸಿದರೆ ಅದನ್ನು ಎಲ್ಲಿಡಬೇಕೆಂದೇ ಅವರಿಗೆ ತಿಳಿಯದು. ಕೈಯಲ್ಲಿ ಬರೆದ ಪತ್ರ ಮಾತ್ರ ಯಾವ ಮನೆಗೂ ಹೊರಗಿನದಲ್ಲ. ಅಂಚೆ ಕಾರ್ಡಿನಲ್ಲಿ ಬೇಡ, ದಾರಿಯಲ್ಲಿ ನಾಲ್ಕು ಜನ ಓದುತ್ತಾರೆ. ಕವರಿನಲ್ಲಿ ಹಾಕಿ. ಹದಿಮೂರು ದಿನ ಕಳೆದ ಮೇಲೆ ತಲುಪುವ ಹಾಗೆ ಕಳಿಸಿ, ಅದಕ್ಕೆ ಮುಂಚೆ ಬಂದರೆ ಕರ್ಮದ ಸಾಮಾನಿನ ಪಟ್ಟಿಗಳ ನಡುವೆ ಕಳೆದುಹೋಗುತ್ತದೆ.

ಕಾಗದದ ತಲೆಯಲ್ಲಿ "ಶ್ರೀ" ಬರೆಯುವುದು, "ಉಭಯ ಕುಶಲೋಪರಿ" ಎಂದು ಶುರುಮಾಡುವುದು ಹಳಬರ ಪದ್ಧತಿ. ಸಾವಿನ ಮನೆಗೆ ಬರೆಯುವಾಗ ಅವೆರಡನ್ನೂ ಬಿಡುತ್ತಾರೆ, ಕ್ಷೇಮ ಕೇಳುವ ಸಂದರ್ಭವೇ ಅಲ್ಲವಲ್ಲ. ನೇರವಾಗಿ ಹೆಸರಿನಿಂದಲೋ ಸಂಬಂಧದಿಂದಲೋ ಶುರುಮಾಡಿ. ಅರ್ಧ ಪುಟ ಸಾಕು. ಗೀತೆಯ ಸಾಲು, ಹುಟ್ಟಿದವರು ಸಾಯಲೇಬೇಕು ಎನ್ನುವ ಮಾತು ಬೇಡ, ಅದನ್ನು ಪುರೋಹಿತರಿಂದ ಹಿಡಿದು ಆಟೋ ಓಡಿಸುವವರವರೆಗೆ ಎಲ್ಲರೂ ಹೇಳಿ ಆಗಿರುತ್ತದೆ. ತೀರಿಹೋದವರು ಮನೆಯ ಹೊರಗೆ ಹೇಗಿದ್ದರು ಎನ್ನುವುದನ್ನು ಬರೆಯಿರಿ. ಹೆಂಡತಿಗೆ, ಮಕ್ಕಳಿಗೆ ಗೊತ್ತಿಲ್ಲದಿರುವುದು ಅದೇ. ಅಪ್ಪನ ಸಹೋದ್ಯೋಗಿಯೊಬ್ಬರು ಒಂದು ತಿಂಗಳ ಮೇಲೆ ಬರೆದ ಪತ್ರದಲ್ಲಿ, ಅಪ್ಪ ಸ್ಟಾಫ್ ರೂಮಿನ ಕಿಟಕಿಯ ಬಳಿ ಊಟದ ಡಬ್ಬಿ ಬಿಚ್ಚುವಾಗ ದಿನವೂ "ಇವತ್ತೇನು ಕಟ್ಟಿದ್ದಾಳೋ ನೋಡೋಣ" ಎನ್ನುತ್ತಿದ್ದರು ಎಂದಿತ್ತು. ಅಮ್ಮ ಅದನ್ನು ಪಂಚಾಂಗದ ನಡುವೆ ಇಟ್ಟುಕೊಂಡಿದ್ದಾಳೆ. ಅದು ಮೂರು ಪಂಚಾಂಗ ದಾಟಿ ಈಗ ನಾಲ್ಕನೆಯದರಲ್ಲಿದೆ.

ಸುದ್ದಿಯೇ ತಡವಾಗಿ ತಿಳಿದರೆ? ಎರಡು ತಿಂಗಳಾದ ಮೇಲೆ ಗೊತ್ತಾಗಿ, ಈಗ ಫೋನ್ ಮಾಡಿದರೆ ಹಳೇ ಗಾಯ ಕೆದಕಿದಂತೆ ಎಂದು ಸುಮ್ಮನಾಗುವವರು ಬಹಳ ಮಂದಿ. ಗಾಯ ಹಳತಾಗಿರುವುದಿಲ್ಲ. ಸೂತಕದ ಹಳೇ ಲೆಕ್ಕದಲ್ಲೂ ದೂರದ ದಾಯಾದಿಗೆ ಹತ್ತು ದಿನ ಕಳೆದ ಮೇಲೆ ಸುದ್ದಿ ಮುಟ್ಟಿದರೆ ಕೇಳಿದ ದಿನದಿಂದ ಮೂರು ದಿನ ಎಂದಿದೆ. ತಡವಾಗಿ ಕೇಳುವುದು ಹಿಂದಿನವರಿಗೂ ಸಹಜವೇ ಆಗಿತ್ತು. "ಇವತ್ತು ತಿಳೀತು, ಇವತ್ತೇ ಮಾಡ್ತಿದ್ದೀನಿ" ಎಂದರೆ ಸಾಕು. ತಡವಾದದ್ದಕ್ಕೆ ಕ್ಷಮೆ ಕೇಳುತ್ತಾ ಐದು ನಿಮಿಷ ಕಳೆದರೆ ಮತ್ತೆ ಅವರೇ "ಪರವಾಗಿಲ್ಲ ಬಿಡಿ" ಎನ್ನಬೇಕಾಗುತ್ತದೆ. ಗೊತ್ತಿದ್ದೂ ಮಾಡದೆ ಬಿಟ್ಟಿದ್ದವರಿಗೆ ಪತ್ರವೇ ಒಳ್ಳೆಯ ದಾರಿ, ಫೋನಿನಲ್ಲಿ ನಾಲಿಗೆ ಏಳುವುದಿಲ್ಲ.

ಆ ವರ್ಷದ ಹಬ್ಬಗಳ ಬಗ್ಗೆ ಒಂದು ಮಾತು ಉಳಿದಿದೆ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡುವುದಿಲ್ಲ, ತೋರಣ ಕಟ್ಟುವುದಿಲ್ಲ. ಯುಗಾದಿಯ ಬೆಳಿಗ್ಗೆ ಎಲ್ಲರಿಗೂ ಒಂದೇ ಸಲ ಕಳಿಸುವ ಬೇವು ಬೆಲ್ಲದ ಚಿತ್ರ ಅವರ ಫೋನಿಗೂ ಹೋಗಿ ಬೀಳುತ್ತದೆ. ಕಳಿಸುವ ಮುಂಚೆ ಪಟ್ಟಿಯಿಂದ ಆ ಹೆಸರುಗಳನ್ನು ತೆಗೆಯಿರಿ, ಎರಡು ನಿಮಿಷದ ಕೆಲಸ. ಅಂದು ಶುಭಾಶಯದ ಬದಲು ಫೋನೇ ಮಾಡಿ, ಬೆಳಿಗ್ಗೆ ಹತ್ತರ ಸುಮಾರಿಗೆ, ಬೇರೆ ಮನೆಗಳಲ್ಲಿ ಪೂಜೆಯ ಗಂಟೆ ಬಾರಿಸುವ ಹೊತ್ತಿಗೆ. ನಮ್ಮ ಮೊದಲ ಯುಗಾದಿಗೆ ಎದುರು ಮನೆಯವರು ಫೋನ್ ಕೂಡ ಮಾಡಲಿಲ್ಲ. ಹೋಳಿಗೆಯ ಪಾತ್ರೆ ಹಿಡಿದು ಹಿಂದಿನ ಬಾಗಿಲಿಂದ ಬಂದರು, "ಹಬ್ಬ ಅಂತ ಅಲ್ಲ ಕಣ್ರೀ, ಮಕ್ಕಳಿಗೆ" ಎಂದು ಅಡುಗೆಮನೆ ಕಟ್ಟೆಯ ಮೇಲಿಟ್ಟರು. ಅಮ್ಮ ತಟ್ಟೆ ತರಲು ಎದ್ದಳು.